ಕೌಂಟರ್ ಆಫರ್ ಬಂದಿದೆ: ಹೊಸ ಕಂಪನಿಗೆ ಹೇಳುವುದು ಹೇಗೆ?

ಬೆಂಗಳೂರಿನ ಐಟಿ ಉದ್ಯೋಗಿಗಳು ರಾಜೀನಾಮೆ ಕೊಟ್ಟ ಕೂಡಲೇ ಹೊರಡುವಂತಿಲ್ಲ. ಅನೇಕ ದೊಡ್ಡ ಕಂಪನಿಗಳಲ್ಲಿ ನೋಟಿಸ್ ಪೀರಿಯಡ್ 90 ದಿನ. ಹೊಸ ಕಂಪನಿ ಆಫರ್ ಲೆಟರ್ ಕೊಟ್ಟು, ಹುದ್ದೆಯನ್ನು ಖಾಲಿ ಇಟ್ಟುಕೊಂಡು ಮೂರು ತಿಂಗಳು ಕಾಯುತ್ತದೆ. ಇದೇ ಅವಧಿಯಲ್ಲಿ ಹಳೆಯ ಕಂಪನಿ "ಸಂಬಳ ಹೆಚ್ಚಿಸುತ್ತೇವೆ, ಇಲ್ಲೇ ಇರಿ" ಎನ್ನುತ್ತದೆ. ಅದೇ ಕೌಂಟರ್ ಆಫರ್. ಅದನ್ನು ತಿರಸ್ಕರಿಸಿದವರಿಗೂ ಒಂದು ಪ್ರಶ್ನೆ ಉಳಿಯುತ್ತದೆ. ಹೊಸ ಕಂಪನಿಗೆ ಈ ವಿಷಯ ಹೇಳಬೇಕೇ? ಹೇಳಿದರೆ ಇನ್ನಷ್ಟು ಸಂಬಳ ಎಳೆಯಲು ನೋಡುತ್ತಿದ್ದಾರೆ ಅಂದುಕೊಳ್ಳುವುದಿಲ್ಲವೇ?

ಆ ಅನುಮಾನಕ್ಕೆ ಕಾರಣವಿದೆ. ಆಫರ್ ಒಪ್ಪಿಕೊಂಡ ಮೇಲೂ ಅದನ್ನೇ ತೋರಿಸಿ ಇನ್ನೊಂದು ಕಡೆ ಹೆಚ್ಚು ಕೇಳುವವರು, ಜಾಯಿನಿಂಗ್ ದಿನ ಫೋನ್ ಎತ್ತದವರು ಎಚ್‌ಆರ್ ವಿಭಾಗದವರಿಗೆ ಹೊಸಬರಲ್ಲ. "ನಮ್ಮ ಕಂಪನಿ ಕೌಂಟರ್ ಆಫರ್ ಕೊಟ್ಟಿದೆ" ಎಂದಷ್ಟೇ ಹೇಳಿ ಸುಮ್ಮನಾದರೆ, ಮುಂದಿನ ಮಾತು ಹಣದ್ದೇ ಎಂದು ಅವರು ಕಾಯುತ್ತಾರೆ. ಮಾತನ್ನು ಚೌಕಾಸಿ ಮಾಡುವುದು ಕೌಂಟರ್ ಆಫರ್ ಅಲ್ಲ, ಇನ್ನೂ ಆಗದ ತೀರ್ಮಾನ. ಆದ್ದರಿಂದ ತೀರ್ಮಾನ ಮೊದಲು, ಫೋನ್ ಆಮೇಲೆ.

ಒಂದು ಉದಾಹರಣೆ ತೆಗೆದುಕೊಳ್ಳೋಣ. ಒಬ್ಬ ಎಂಜಿನಿಯರ್‌ಗೆ ಈಗಿನ ಸಿಟಿಸಿ, ಅಂದರೆ ಕಂಪನಿ ಅವರಿಗಾಗಿ ವರ್ಷಕ್ಕೆ ಮಾಡುವ ಒಟ್ಟು ವೆಚ್ಚ, 18 ಲಕ್ಷ ರೂಪಾಯಿ. ಹೊಸ ಕಂಪನಿ 24 ಲಕ್ಷಕ್ಕೆ ಕರೆದಿದೆ. ಅದರಲ್ಲಿ 22 ಲಕ್ಷ ನಿಶ್ಚಿತ, 2 ಲಕ್ಷ ಕೆಲಸದ ಫಲಿತಾಂಶ ನೋಡಿ ಕೊಡುವ ವೇರಿಯಬಲ್ ಪೇ. ಅವರು ಜೂನ್ ಆರಂಭದಲ್ಲಿ ರಾಜೀನಾಮೆ ಕೊಟ್ಟು, ಉಳಿದ ನೋಟಿಸ್ ದಿನಗಳಿಗೆ ಹಣ ಕಟ್ಟಿ ಆಗಸ್ಟ್ 1ಕ್ಕೆ ಸೇರುವುದಾಗಿ ಹೊಸ ಕಂಪನಿಗೆ ಮಾತು ಕೊಟ್ಟಿದ್ದಾರೆ. ಮೂರನೇ ವಾರ ಮ್ಯಾನೇಜರ್ ಕರೆದು 26 ಲಕ್ಷ ಕೊಡುತ್ತೇವೆ ಎಂದರು.

26 ಲಕ್ಷವನ್ನು ಬಿಡಿಸಿ ನೋಡಿದರೆ ಚಿತ್ರವೇ ಬೇರೆ. ನಿಶ್ಚಿತ ಸಂಬಳ 20 ಲಕ್ಷ, ವೇರಿಯಬಲ್ 3 ಲಕ್ಷ, ಉಳಿದ 3 ಲಕ್ಷ ರಿಟೆನ್ಷನ್ ಬೋನಸ್. ಆ ಬೋನಸ್ ಒಂದೇ ಸಲ ಬರುವಂಥದ್ದು, ವರ್ಷದೊಳಗೆ ಬಿಟ್ಟರೆ ವಾಪಸ್ ಕೊಡಬೇಕು. ಎರಡನೇ ವರ್ಷದಿಂದ ಹೋಲಿಸಬೇಕಾದದ್ದು 20 ಲಕ್ಷವನ್ನು 22 ಲಕ್ಷದೊಂದಿಗೆ. ಅದಕ್ಕಿಂತ ಮುಖ್ಯವಾಗಿ, ಹಳೆಯ ಪ್ರಾಜೆಕ್ಟ್‌ನ ಸಪೋರ್ಟ್ ಕೆಲಸವೇ ಮುಂದುವರಿಯುತ್ತಿದೆ ಎಂಬುದು ಅವರು ಹೊರಡಲು ನಿಜವಾದ ಕಾರಣ. ಸಂಬಳ ಹೆಚ್ಚಿದರೆ ಆ ಕೆಲಸ ಬದಲಾಗುವುದಿಲ್ಲ. ಅವರು ಬೇಡ ಎಂದು ತೀರ್ಮಾನಿಸಿದರು.

ವಿಷಯ ಇಲ್ಲಿಗೇ ಮುಗಿದಿದ್ದರೆ ಹೊಸ ಕಂಪನಿಗೆ ಏನೂ ಹೇಳಬೇಕಾಗಿರಲಿಲ್ಲ. ತಿರಸ್ಕರಿಸಿದ ಕೌಂಟರ್ ಆಫರ್ ಅವರಿಗೆ ಸಂಬಂಧಿಸಿದ್ದಲ್ಲ. ಆದರೆ ಮ್ಯಾನೇಜರ್ ಇನ್ನೊಂದು ಮಾತು ಹೇಳಿದ್ದಾರೆ: ಬೇಗ ಬಿಡಲು ಆಗುವುದಿಲ್ಲ, ಪೂರ್ತಿ 90 ದಿನ ಇರಬೇಕು. ಸೇರುವ ದಿನ ಆಗಸ್ಟ್ 1ರಿಂದ ಸೆಪ್ಟೆಂಬರ್ 1ಕ್ಕೆ ಹೋಯಿತು. ದಿನಾಂಕ ಮುಂದಕ್ಕೆ ಹಾಕಿ ಎಂದಷ್ಟೇ ಕೇಳಿದರೆ ಎಚ್‌ಆರ್‌ಗೆ ಅನುಮಾನ ಬರುವುದು ಸಹಜ. ಬೇರೆ ಆಫರ್ ಹುಡುಕಲು ಸಮಯ ಕೇಳುವವರೂ ಹೀಗೇ ಕೇಳುತ್ತಾರೆ. ಹೊಸ ಕಂಪನಿಯ ಕೆಲಸಕ್ಕೆ ತಟ್ಟುವ ಬದಲಾವಣೆ ಇದ್ದಾಗ, ಅಥವಾ ಅವರೇ ನೇರವಾಗಿ ಕೇಳಿದಾಗ, ಕಾರಣವನ್ನು ಪೂರ್ತಿಯಾಗಿ ಹೇಳುವುದೇ ಸರಿ.

ಅವರು ಮೊದಲು ಹಳೆಯ ಕಂಪನಿಗೆ ಮೇಲ್ ಕಳಿಸಿದರು: ಕೌಂಟರ್ ಆಫರ್‌ಗೆ ಧನ್ಯವಾದ, ರಾಜೀನಾಮೆ ವಾಪಸ್ ಪಡೆಯುವುದಿಲ್ಲ, ಕೊನೆಯ ದಿನ ಖಚಿತಪಡಿಸಿ. ಅದಾದ ಮೇಲೆಯೇ ಹೊಸ ಕಂಪನಿಯ ಎಚ್‌ಆರ್‌ಗೆ ಫೋನ್ ಮಾಡಿದರು.

"ನಮಸ್ಕಾರ ಮೇಡಂ. ನಾನು ನಿಮ್ಮಲ್ಲಿಗೆ ಬರುವುದು ಖಚಿತ, ಅದರಲ್ಲಿ ಬದಲಾವಣೆ ಇಲ್ಲ. ಸೇರುವ ದಿನಾಂಕದ ಬಗ್ಗೆ ಮಾತಾಡಬೇಕಿತ್ತು. ಬೇಗ ರಿಲೀವ್ ಮಾಡಿ ಅಂತ ಕೇಳಿದ್ದೆ, ಒಪ್ಪಲಿಲ್ಲ. ಇಲ್ಲೇ ಇರಿ ಅಂತ ಕೌಂಟರ್ ಆಫರ್ ಕೊಟ್ಟರು. ಬೇಡ ಅಂತ ಇವತ್ತು ಮೇಲ್ ಕಳಿಸಿದ್ದೇನೆ. ಆದರೆ ನೋಟಿಸ್ ಪೂರ್ತಿ ಮಾಡಲೇಬೇಕು. ಸೆಪ್ಟೆಂಬರ್ 1ಕ್ಕೆ ಸೇರಬಹುದಾ? ಸಂಬಳ ಆಫರ್ ಲೆಟರ್‌ನಲ್ಲಿ ಇರುವ ಹಾಗೇ ಇರಲಿ."

ಇಲ್ಲಿ ಮಾತಿನ ಕ್ರಮವೇ ಅರ್ಥವನ್ನು ನಿರ್ಧರಿಸುತ್ತದೆ. ಬರುತ್ತೇನೆ ಎಂಬುದು ಮೊದಲು ಬಂದಿದೆ. ಕೌಂಟರ್ ಆಫರ್ ನಡುವೆ, ದಿನಾಂಕ ಬದಲಾಗಲು ಕಾರಣವಾಗಿ ಮಾತ್ರ ಬಂದಿದೆ. ಅವರು ಕೇಳಿದ್ದು ದಿನಾಂಕವೊಂದನ್ನೇ. ಸಂಬಳದ ಬಾಗಿಲನ್ನು ತಾವೇ ಮುಚ್ಚಿದ್ದಾರೆ. 26 ಲಕ್ಷ ಎಂಬ ಸಂಖ್ಯೆ ಎಲ್ಲೂ ಇಲ್ಲ. ಇದೇ ಮಾತನ್ನು "ಅವರು 26 ಕೊಡ್ತಿದ್ದಾರೆ, ಆದರೂ ನಿಮ್ಮಲ್ಲಿಗೇ ಬರಬೇಕು ಅಂತಿದೆ, ಶುಕ್ರವಾರದೊಳಗೆ ಹೇಳಬೇಕು" ಎಂದಿದ್ದರೆ, ಮನಸ್ಸಿನಲ್ಲಿ ಏನೇ ಇದ್ದರೂ ಕೇಳಿದವರಿಗೆ ಅದು ಚೌಕಾಸಿಯೇ. ಸಂಖ್ಯೆ, ಗಡುವು, "ಅಂತಿದೆ" ಎಂಬ ತೇಲುವ ಮಾತು, ಈ ಮೂರೂ ಉತ್ತರ ಬೇಡುತ್ತವೆ.

"ಎಷ್ಟು ಕೊಟ್ಟರು?" ಎಂದು ಎಚ್‌ಆರ್ ಕೇಳಬಹುದು. "ಅದು ಅವರ ಒಳಗಿನ ವಿಷಯ ಮೇಡಂ, ನನ್ನ ತೀರ್ಮಾನ ಆಗಿದೆ" ಎಂದರೆ ಸಾಕು. ಹಳೆಯ ಕಂಪನಿಯ ಪತ್ರವನ್ನು ಪುರಾವೆಯೆಂದು ಫಾರ್ವರ್ಡ್ ಮಾಡಬಾರದು. ಒಂದು ಕಡೆಯ ಗುಟ್ಟನ್ನು ಇನ್ನೊಂದು ಕಡೆ ತೋರಿಸುವವರು ನಾಳೆ ನಮ್ಮದನ್ನೂ ತೋರಿಸುತ್ತಾರೆ ಎಂದೇ ಹೊಸ ಕಂಪನಿ ಭಾವಿಸುತ್ತದೆ.

ಕೆಲಸ ಕನ್ಸಲ್ಟೆನ್ಸಿ ಮೂಲಕ ಸಿಕ್ಕಿದ್ದರೆ ಇನ್ನೊಂದು ಎಚ್ಚರ ಬೇಕು. ಸಾಮಾನ್ಯವಾಗಿ ಅಭ್ಯರ್ಥಿ ಸೇರಿದ ಮೇಲೆಯೇ ಕನ್ಸಲ್ಟೆನ್ಸಿಗೆ ಹಣ ಬರುತ್ತದೆ. ಅಭ್ಯರ್ಥಿ ಕೈತಪ್ಪಿದರೆ ಎಂಬ ಆತಂಕದಲ್ಲಿ ಅವರೇ "ಸ್ವಲ್ಪ ಹೆಚ್ಚಿಸಿ ಸರ್" ಎಂದುಬಿಟ್ಟರೆ ಹೆಸರು ಕೆಡುವುದು ನಿಮ್ಮದು. ಕನ್ಸಲ್ಟೆನ್ಸಿಗೆ ತಿಳಿಸಿ, ಆದರೆ ಕಂಪನಿಯ ಎಚ್‌ಆರ್‌ಗೆ ನೀವೇ ಹೇಳಿ.

ಮನಸ್ಸು ನಿಜವಾಗಿಯೂ ಡೋಲಾಯಮಾನವಾಗಿದ್ದರೆ? ಆಗ ತೀರ್ಮಾನ ಆಗಿದೆ ಎಂದು ನಟಿಸಬಾರದು. ಆಫರ್‌ಗೆ ಇನ್ನೂ ಒಪ್ಪಿಗೆ ಕೊಟ್ಟಿಲ್ಲವಾದರೆ, ಬೇಕಾದದ್ದನ್ನು ಒಂದೇ ಸಲ ನೇರವಾಗಿ ಕೇಳಬಹುದು: "ನಿಶ್ಚಿತ ಸಂಬಳ ಇಷ್ಟಾದರೆ ಇವತ್ತೇ ಒಪ್ಪುತ್ತೇನೆ, ಮತ್ತೆ ಕೇಳುವುದಿಲ್ಲ." ಅದು ಮರೆಮಾಚದ ಚೌಕಾಸಿ, ತಪ್ಪೇನಲ್ಲ. ಒಪ್ಪಿಗೆಯ ಮೇಲ್ ಕಳಿಸಿದ ನಂತರ ಸಂಬಳ ಕೆದಕಿದರೆ ಮಾತ್ರ ಕೊಟ್ಟ ಮಾತು ಮುರಿದಂತೆ. ಅಲ್ಲಿಂದ ಮುಂದೆ ಉಳಿಯುವುದು ಹೋಗುವುದು ಅಥವಾ ಬಿಡುವುದು, ಎರಡೇ. ಹಳೆಯ ಕಡೆಯೇ ಉಳಿಯುವುದಾದರೆ ಆ ದಿನವೇ ಫೋನ್ ಮಾಡಿ ಹೇಳಿ. ಒಂದು ವಾರ ಮೊದಲು ತಿಳಿದರೂ ಅವರು ಎರಡನೇ ಅಭ್ಯರ್ಥಿಯನ್ನು ಕರೆಯಬಲ್ಲರು.

ನಮ್ಮ ಎಂಜಿನಿಯರ್ ಫೋನಿನ ನಂತರ ಅದೇ ಮಾತನ್ನು ನಾಲ್ಕು ಸಾಲಿನ ಮೇಲ್ ಮಾಡಿ, ಕೊನೆಯ ದಿನವನ್ನು ಖಚಿತಪಡಿಸಿದ ಪತ್ರ ಬಂದ ಕೂಡಲೇ ಕಳಿಸುವುದಾಗಿ ಬರೆದರು. ಎಚ್‌ಆರ್‌ನಿಂದ ಹೊಸ ದಿನಾಂಕದ ಪತ್ರ ಬಂದರೆ ಮಾತು ಸರಿಯಾಗಿ ಮುಟ್ಟಿದೆ ಎಂದರ್ಥ. "ನಾವು ಎಷ್ಟು ಹೆಚ್ಚಿಸಬೇಕು?" ಎಂಬ ಪ್ರಶ್ನೆ ಬಂದರೆ ಅದು ಚೌಕಾಸಿಯಾಗಿಯೇ ಕೇಳಿಸಿದೆ. ಆಗಲೂ ತಿದ್ದಿಕೊಳ್ಳಲು ಅವಕಾಶವಿದೆ: "ಹೆಚ್ಚಿಸಿ ಅಂತ ಹೇಳಿದ್ದಲ್ಲ, ದಿನಾಂಕ ಸಿಕ್ಕರೆ ಸಾಕು." ಹೀಗೆ ಹೇಳಿ ಅದರಂತೆ ನಡೆದುಕೊಳ್ಳಬೇಕು.