ಅಂಗಡಿಯ ವೇಳೆ, ನೌಕರನ ವೇಳೆ

ಅಂಗಡಿಯ ಬಾಗಿಲು ತೆರೆದಿರುವಷ್ಟು ಹೊತ್ತೂ ನೌಕರನು ಗಲ್ಲೆಯ ಬಳಿಯಲ್ಲೋ ಸರಕಿನ ಕಪಾಟಿನ ಮುಂದೆಯೋ ನಿಂತಿರತಕ್ಕದ್ದೆಂಬ ರೂಢಿ ನಮ್ಮ ಪೇಟೆಬೀದಿಗಳಲ್ಲಿ ಬಹುಕಾಲದಿಂದ ಬೇರೂರಿದ್ದು, ಇಂದಿಗೂ ಸಂಪೂರ್ಣವಾಗಿ ಅಳಿದಿಲ್ಲ. ಅಂಗಡಿಯ ವ್ಯಾಪಾರದ ಅವಧಿ ಒಂದು, ಅದರಲ್ಲಿ ದುಡಿಯುವವನ ಕೆಲಸದ ಅವಧಿ ಮತ್ತೊಂದು ಎಂಬ ಭೇದವನ್ನು ಸ್ಪಷ್ಟವಾಗಿ ಗುರುತಿಸಿ, ಎರಡಕ್ಕೂ ಪ್ರತ್ಯೇಕವಾದ ಮೇರೆಗಳನ್ನು ಹಾಕಿರುವುದೇ ನಮ್ಮ ರಾಜ್ಯದ ಅಂಗಡಿಗಳು ಮತ್ತು ವಾಣಿಜ್ಯ ಸಂಸ್ಥೆಗಳ ಅಧಿನಿಯಮದ ತಿರುಳು. ಈ ಭೇದವನ್ನು ಮನಗಂಡವರಿಗೆ ಆ ಕಾನೂನಿನ ಉಳಿದ ಭಾಗವೆಲ್ಲ ಸುಲಭವಾಗಿ ತಿಳಿಯುತ್ತದೆ. ಅದನ್ನು ಮರೆತವರು ಎಷ್ಟು ಪುಸ್ತಕಗಳನ್ನು ಭರ್ತಿಮಾಡಿಟ್ಟರೂ ಒಂದಲ್ಲ ಒಂದು ಕಡೆ ತಪ್ಪಿಗೆ ಗುರಿಯಾಗುತ್ತಾರೆ.

1956ರಲ್ಲಿ ಕನ್ನಡನಾಡು ಏಕೀಕರಣವಾದಾಗ, ಅದರ ಬೇರೆಬೇರೆ ಭಾಗಗಳ ಅಂಗಡಿಗಳು ಬೇರೆಬೇರೆ ಕಾನೂನುಗಳ ಕೆಳಗಿದ್ದವು. ಹಳೆಯ ಮೈಸೂರಿನ ವರ್ತಕನಿಗೆ 1948ರ ಮೈಸೂರು ಕಾನೂನು, ಧಾರವಾಡ ಬೆಳಗಾವಿಗಳವನಿಗೆ ಅದೇ ವರ್ಷದ ಮುಂಬಯಿ ಕಾನೂನು, ಮಂಗಳೂರಿನವನಿಗೆ 1947ರ ಮದರಾಸು ಕಾನೂನು ಅನ್ವಯಿಸುತ್ತಿದ್ದಿತು. ಒಂದೇ ರಾಜ್ಯದ ಪ್ರಜೆಗಳಾದ ವರ್ತಕರಿಗೂ ಗುಮಾಸ್ತರಿಗೂ ಒಂದೇ ನಿಯಮವಿರಬೇಕೆಂಬ ಉದ್ದೇಶದಿಂದ 1961ರ ಅಧಿನಿಯಮ ರೂಪುಗೊಂಡು, 1963ರಲ್ಲಿ ಅದರ ನಿಯಮಾವಳಿ ಹೊರಟು, 1964ರ ಅಕ್ಟೋಬರ್ 1ರಿಂದ ಆಚರಣೆಗೆ ಬಂದಿತು. ಕಾಲಕಾಲಕ್ಕೆ ತಿದ್ದುಪಡಿಗಳನ್ನು ಪಡೆಯುತ್ತ ಬಂದ ಈ ಕಾನೂನನ್ನೇ ಜನರು ಮಾತಿನಲ್ಲಿ ‘ಷಾಪ್ಸ್ ಆಕ್ಟ್’ ಎನ್ನುತ್ತಾರೆ.

ನೋಂದಣಿ

ವ್ಯಾಪಾರವನ್ನು ಆರಂಭಿಸಿದ 30 ದಿನಗಳೊಳಗಾಗಿ ಮಾಲೀಕನು ತನ್ನ ಹೆಸರು, ಅಂಗಡಿಯ ಹೆಸರು ಮತ್ತು ವಿಳಾಸ, ವ್ಯವಸ್ಥಾಪಕನಿದ್ದಲ್ಲಿ ಅವನ ಹೆಸರು ಮೊದಲಾದ ವಿವರಗಳನ್ನು ನಿಯತ ನಮೂನೆಯಲ್ಲಿ ಬರೆದು, ನೌಕರರ ಸಂಖ್ಯೆಗೆ ಅನುಗುಣವಾದ ಶುಲ್ಕದೊಡನೆ ತನ್ನ ಪ್ರದೇಶದ ಕಾರ್ಮಿಕ ನಿರೀಕ್ಷಕರಿಗೆ ಸಲ್ಲಿಸತಕ್ಕದ್ದು. ಹಿಂದೆ ಕಾಗದದಲ್ಲಿ ನಡೆಯುತ್ತಿದ್ದ ಈ ಕಾರ್ಯ ಈಗ ಕಾರ್ಮಿಕ ಇಲಾಖೆಯ ಆನ್‌ಲೈನ್ ವ್ಯವಸ್ಥೆಯ ಮೂಲಕ ನೆರವೇರುತ್ತದೆ. ದೊರೆತ ಪ್ರಮಾಣಪತ್ರಕ್ಕೆ ಐದು ವರ್ಷಗಳ ಆಯುಸ್ಸುಂಟು. ಅದು ಮುಗಿಯುವ ಮೊದಲೇ ನವೀಕರಣಕ್ಕೆ ಅರ್ಜಿ ಸಲ್ಲಿಸಬೇಕು. ಪತ್ರವನ್ನು ಗಲ್ಲೆಯ ಕೆಳಗಿನ ಪೆಟ್ಟಿಗೆಯಲ್ಲಿ ಭದ್ರವಾಗಿಟ್ಟರೆ ಸಾಲದು, ಬಂದವರಿಗೆ ಕಾಣುವಂತೆ ಗೋಡೆಗೆ ತೂಗುಹಾಕಬೇಕು. ಮಾಲೀಕ ಬದಲಾದರೂ, ವಿಳಾಸ ಬದಲಾದರೂ, ಅಂಗಡಿಯನ್ನೇ ಮುಚ್ಚಿದರೂ ನಿರೀಕ್ಷಕರಿಗೆ ತಿಳಿಸುವ ಹೊಣೆ ಮಾಲೀಕನದೇ.

ಇಲ್ಲಿ ಎರಡು ಭ್ರಮೆಗಳು ಸಾಮಾನ್ಯ. ಪುರಸಭೆಯೋ ನಗರಪಾಲಿಕೆಯೋ ಕೊಡುವ ಉದ್ದಿಮೆ ಪರವಾನಗಿ ಕೈಯಲ್ಲಿದ್ದರೆ ಈ ನೋಂದಣಿ ಬೇಡವೆಂದು ಭಾವಿಸುವುದು ಮೊದಲನೆಯದು. ಆ ಪರವಾನಗಿ ಆ ಸ್ಥಳದಲ್ಲಿ ಆ ಬಗೆಯ ವ್ಯಾಪಾರ ನಡೆಸಲು ಸ್ಥಳೀಯ ಸಂಸ್ಥೆ ಕೊಡುವ ಅನುಮತಿ. ಈ ನೋಂದಣಿಯಾದರೋ ಅಲ್ಲಿ ದುಡಿಯುವವರ ಹಿತಕ್ಕೆ ಸಂಬಂಧಿಸಿದುದು. ಒಂದು ಮತ್ತೊಂದಕ್ಕೆ ಬದಲಿಯಾಗಲಾರದು. ನೌಕರರೇ ಇಲ್ಲದ ಅಂಗಡಿಗೆ ನೋಂದಣಿ ಅನವಶ್ಯಕವೆಂಬುದು ಎರಡನೆಯ ಭ್ರಮೆ. ಶುಲ್ಕದ ಪಟ್ಟಿಯೇ ನೌಕರರಿಲ್ಲದ ಅಂಗಡಿಯಿಂದ ಆರಂಭವಾಗುತ್ತದೆಂಬುದನ್ನು ಗಮನಿಸಿದರೆ ಈ ಸಂದೇಹ ತಾನೇ ಪರಿಹಾರವಾಗುವುದು. ನೌಕರನೊಬ್ಬನನ್ನು ನೇಮಿಸಿಕೊಂಡ ಮೇಲಂತೂ ಅವನ ಹುದ್ದೆ, ಸಂಬಳ ಮತ್ತು ಕೆಲಸದ ಷರತ್ತುಗಳನ್ನು ಬರೆದ ನೇಮಕಾತಿ ಆದೇಶವನ್ನು 30 ದಿನಗಳೊಳಗೆ ಅವನ ಕೈಗೆ ಕೊಡುವುದು ಕಡ್ಡಾಯ.

ಎರಡು ಬಗೆಯ ಮೇರೆ

ಅಂಗಡಿಯನ್ನು ಎಷ್ಟು ಹೊತ್ತಿಗೆ ತೆರೆಯಬಹುದು, ಎಷ್ಟು ಹೊತ್ತಿನೊಳಗೆ ಮುಚ್ಚಬೇಕು ಎಂಬುದನ್ನು ಅಧಿನಿಯಮವು ತಾನೇ ನಿಗದಿಮಾಡದೆ ರಾಜ್ಯ ಸರ್ಕಾರದ ಆದೇಶಕ್ಕೆ ಬಿಟ್ಟಿದೆ. ಆದುದರಿಂದ ಈ ವೇಳೆ ಆದೇಶದಿಂದ ಆದೇಶಕ್ಕೆ ಬದಲಾಗಬಹುದು. ಹತ್ತು ಅಥವಾ ಅದಕ್ಕಿಂತ ಹೆಚ್ಚು ಜನರಿರುವ ಅಂಗಡಿಗಳು ಹಗಲಿರುಳೂ ತೆರೆದಿರಬಹುದೆಂದು 2021ರ ಜನವರಿಯಲ್ಲಿ ಹೊರಟ ಆದೇಶವೇ ಇದಕ್ಕೆ ನಿದರ್ಶನ. ಅದು ಮೂರು ವರ್ಷಗಳ ಅವಧಿಗೆ ಹೊರಟದ್ದು. ಇಂತಹ ಅನುಮತಿಯನ್ನು ನಂಬಿ ನಡೆಯುವವರು ಅದು ಜಾರಿಯಲ್ಲಿದೆಯೇ ಎಂಬುದನ್ನು ಕಾರ್ಮಿಕ ಕಚೇರಿಯಲ್ಲಿ ವಿಚಾರಿಸಿಕೊಳ್ಳುವುದು ಒಳ್ಳೆಯದು. ಗಮನಿಸತಕ್ಕ ಸಂಗತಿಯೆಂದರೆ, ಅಂಗಡಿಗೆ ಬಾಗಿಲು ಮುಚ್ಚುವ ಅಗತ್ಯವೇ ಇಲ್ಲವೆಂದ ಆ ಆದೇಶವೂ ಪ್ರತಿಯೊಬ್ಬ ನೌಕರನಿಗೆ ಸರದಿಯ ಮೇಲೆ ವಾರಕ್ಕೊಂದು ದಿನ ರಜೆ ಕೊಡಲೇಬೇಕೆಂದು ವಿಧಿಸಿತು. ಅಂಗಡಿಯ ಮೇರೆ ಸಡಿಲಿತು, ನೌಕರನ ಮೇರೆ ಸಡಿಲಲಿಲ್ಲ.

ನೌಕರನ ಮೇರೆಗಳು ಅಧಿನಿಯಮದಲ್ಲಿಯೇ ಇವೆ. ದಿನಕ್ಕೆ 9 ಗಂಟೆ, ವಾರಕ್ಕೆ 48 ಗಂಟೆ ಸಾಮಾನ್ಯ ಕೆಲಸದ ಮಿತಿ. ಹೆಚ್ಚುವರಿ ದುಡಿಮೆಯೂ ಸೇರಿ ದಿನಕ್ಕೆ 10 ಗಂಟೆಯನ್ನು ಮೀರಕೂಡದು. ದಾಸ್ತಾನು ಎಣಿಸುವ ಮತ್ತು ಲೆಕ್ಕ ಮುಗಿಸುವ ದಿನಗಳು ಮಾತ್ರ ಇದಕ್ಕೆ ಹೊರತು. ಸತತವಾದ ಮೂರು ತಿಂಗಳುಗಳಲ್ಲಿ ಹೆಚ್ಚುವರಿ ದುಡಿಮೆ 50 ಗಂಟೆಗಳಿಗೆ ಮೇಲಾಗಬಾರದು. ಎಡೆಬಿಡದೆ 5 ಗಂಟೆ ದುಡಿದವನಿಗೆ ಒಂದು ಗಂಟೆಯ ವಿಶ್ರಾಂತಿ ಸಿಗದೆ ಕೆಲಸ ಮುಂದುವರಿಯಬಾರದು. ವಿಶ್ರಾಂತಿಯೂ ಸೇರಿದಂತೆ, ಬೆಳಗ್ಗೆ ಬಂದ ಗಳಿಗೆಯಿಂದ ರಾತ್ರಿ ಹೊರಡುವ ಗಳಿಗೆಯವರೆಗಿನ ಒಟ್ಟು ವ್ಯಾಪ್ತಿ 12 ಗಂಟೆಗಳೊಳಗೇ ಇರಬೇಕು.

ಈ ಅಂಕಿಗಳು ಒಂದನ್ನೊಂದು ಹೇಗೆ ಹಿಡಿದು ನಿಲ್ಲಿಸುತ್ತವೆಂಬುದನ್ನು ಒಂದು ಕಲ್ಪಿತ ಉದಾಹರಣೆಯಿಂದ ನೋಡೋಣ. ತಾಲ್ಲೂಕು ಕೇಂದ್ರವೊಂದರ ಜವಳಿ ಅಂಗಡಿ. ಬೆಳಗ್ಗೆ 9ಕ್ಕೆ ತೆರೆದು ರಾತ್ರಿ 9ಕ್ಕೆ ಮುಚ್ಚುತ್ತದೆ. ಆರು ಮಂದಿ ನೌಕರರು. ಎಲ್ಲರೂ ಮಧ್ಯಾಹ್ನ ಒಂದು ಗಂಟೆ ಊಟಕ್ಕೆ ಬಿಡುವು ಪಡೆದು ಉಳಿದಷ್ಟೂ ಹೊತ್ತು ದುಡಿದರೆ ದಿನಕ್ಕೆ 11 ಗಂಟೆಯಾಗಿ, 10 ಗಂಟೆಯ ಮಿತಿಯನ್ನು ಮೀರುತ್ತದೆ. ಇದನ್ನು ತಿಳಿದ ಮಾಲೀಕನು ಬಿಡುವನ್ನು ಮಧ್ಯಾಹ್ನ 1ರಿಂದ 4ರವರೆಗೆ ವಿಸ್ತರಿಸುತ್ತಾನೆನ್ನೋಣ. ಈಗ ಬೆಳಗ್ಗೆ 4 ಗಂಟೆ, ಸಂಜೆ 5 ಗಂಟೆ, ಒಟ್ಟು 9, ವ್ಯಾಪ್ತಿ 12. ಒಂದು ದಿನವನ್ನು ಮಾತ್ರ ನೋಡಿದರೆ ಎಲ್ಲವೂ ಸರಿಯಾಗಿದೆ. ಆದರೆ ಆರು ದಿನಕ್ಕೆ 54 ಗಂಟೆಯಾಯಿತು. ವಾರಕ್ಕೆ 6 ಗಂಟೆ ಹೆಚ್ಚುವರಿ. 13 ವಾರಗಳ ಮೂರು ತಿಂಗಳಲ್ಲಿ ಅದು 78 ಗಂಟೆಯಾಗುತ್ತದೆ, ಮಿತಿಯಾದರೋ 50. ದಿನದ ಲೆಕ್ಕದಲ್ಲಿ ನಿರ್ದೋಷಿಯಾದ ಅಂಗಡಿ ಮೂರು ತಿಂಗಳ ಲೆಕ್ಕದಲ್ಲಿ ಹೀಗೆ ತಪ್ಪಿಗೆ ಗುರಿಯಾಗುತ್ತದೆ.

ಪರಿಹಾರಗಳು ಎರಡುಂಟು. ಬಿಡುವನ್ನು 1ರಿಂದ 5ರವರೆಗೆ ಮಾಡಿದರೆ ದಿನಕ್ಕೆ 8, ವಾರಕ್ಕೆ 48 ಗಂಟೆಯಾಗಿ ಕಾನೂನಿಗೆ ಸರಿಹೊಂದುತ್ತದೆ. ಆದರೆ ಅಂಗಡಿಯಿಂದ ದೂರದ ಹಳ್ಳಿಯಲ್ಲಿ ಮನೆಯಿರುವ ನೌಕರನು ಆ ನಾಲ್ಕು ಗಂಟೆಗಳನ್ನು ಬಸ್ ನಿಲ್ದಾಣದಲ್ಲಿಯೇ ಕಳೆಯಬೇಕಾದೀತು. ಇದಕ್ಕಿಂತ ಮೇಲಾದುದು ಆರು ಮಂದಿಯನ್ನು ಎರಡು ತಂಡಗಳಾಗಿ ವಿಂಗಡಿಸಿ, ಒಂದನ್ನು 9ರಿಂದ 6ರವರೆಗೆ, ಮತ್ತೊಂದನ್ನು 12ರಿಂದ 9ರವರೆಗೆ, ತಲಾ ಒಂದು ಗಂಟೆಯ ಬಿಡುವಿನೊಡನೆ ದುಡಿಸುವುದು. ಎರಡನೆಯ ತಂಡಕ್ಕೆ ಹೆಂಗಸರನ್ನು ಹಾಕುವಾಗ ಮಾತ್ರ ಎಚ್ಚರಿಕೆ ಬೇಕು. ರಾತ್ರಿ 8ರ ಅನಂತರ ಅವರನ್ನು ದುಡಿಸಬೇಕಾದರೆ ಅವರ ಲಿಖಿತ ಒಪ್ಪಿಗೆ, ರಕ್ಷಣೆ ಮತ್ತು ಮನೆಗೆ ತಲಪಿಸುವ ವಾಹನದ ಏರ್ಪಾಡು ಅವಶ್ಯಕ.

ದೀಪಾವಳಿಯಂತಹ ಹಬ್ಬದ ವ್ಯಾಪಾರಕ್ಕಾಗಿಯೇ ಹೆಚ್ಚುವರಿ ದುಡಿಮೆಯ 50 ಗಂಟೆಗಳನ್ನು ಉಳಿಸಿಟ್ಟುಕೊಳ್ಳುವುದು ವಿವೇಕ. ದಿನಕ್ಕೆ 8 ಗಂಟೆ ದುಡಿಯುವವನನ್ನು 10 ಗಂಟೆ ದುಡಿಸಿದರೂ 25 ದಿನಗಳಿಗೆ ಅವು ಸಾಕಾಗುತ್ತವೆ. ಆ ಗಂಟೆಗಳಿಗೆ ಸಾಮಾನ್ಯ ದರದ ಎರಡರಷ್ಟು ಕೂಲಿ ಸಲ್ಲಬೇಕು. ತಿಂಗಳಿಗೆ 16,640 ರೂಪಾಯಿ ಪಡೆಯುವವನ ಸಂಬಳವನ್ನು ರೂಢಿಯಂತೆ 26 ದಿನಗಳಿಂದಲೂ 8 ಗಂಟೆಗಳಿಂದಲೂ ಭಾಗಿಸಿದರೆ ಗಂಟೆಗೆ 80 ರೂಪಾಯಿ. ಹೆಚ್ಚುವರಿ ಗಂಟೆಗೆ 160. ಹಬ್ಬದ ಕೊನೆಯಲ್ಲಿ ಕೊಡುವ ಸಿಹಿಯ ಪೊಟ್ಟಣವಾಗಲಿ ಹೊಸಬಟ್ಟೆಯಾಗಲಿ ಇದಕ್ಕೆ ಬದಲಾಗದು.

ರಜೆಗಳು

ವಾರಕ್ಕೆ ಒಂದು ದಿನ ಅಂಗಡಿಯನ್ನು ಮುಚ್ಚತಕ್ಕದ್ದೆಂಬುದು ಸಾಮಾನ್ಯ ನಿಯಮ. ಆ ದಿನ ಭಾನುವಾರವೇ ಆಗಬೇಕೆಂದಿಲ್ಲ; ಊರಿನ ಸಂತೆಯನ್ನೂ ವ್ಯಾಪಾರದ ಏರಿಳಿತವನ್ನೂ ನೋಡಿ ಮಾಲೀಕನೇ ವರ್ಷಾರಂಭದಲ್ಲಿ ಅದನ್ನು ಗೊತ್ತುಮಾಡಿ, ನಿರೀಕ್ಷಕರಿಗೆ ತಿಳಿಸಿ, ಅಂಗಡಿಯಲ್ಲಿ ಕಾಣುವಂತೆ ಬರೆದು ಹಾಕಬೇಕು. ಮೂರು ತಿಂಗಳಿಗೊಮ್ಮೆಗಿಂತ ಹೆಚ್ಚಾಗಿ ಅದನ್ನು ಬದಲಿಸುವಂತಿಲ್ಲ. ಆ ರಜೆಯ ನಿಮಿತ್ತವಾಗಿ ಸಂಬಳದಲ್ಲಿ ಕಡಿತ ಸಲ್ಲದು.

ಈ ನಿಯಮ ಮುರಿಯುವುದು ಬಾಗಿಲು ಪೂರ್ತಿ ತೆರೆದಾಗ ಮಾತ್ರವಲ್ಲ. ರೋಲಿಂಗ್ ಷಟರನ್ನು ಮೊಣಕಾಲಿನ ಮಟ್ಟದವರೆಗೆ ಎತ್ತಿ, ಒಳಗೆ ದೀಪ ಹಚ್ಚಿ, ಹುಡುಗರಿಂದ ಹೊಸ ಸರಕಿನ ಗಂಟುಗಳನ್ನು ಬಿಚ್ಚಿಸುವುದೂ, ಅಂಗಡಿಗೆ ಬೀಗವಿಟ್ಟು ನೌಕರರನ್ನು ಗೋದಾಮಿಗೆ ಕರೆಸುವುದೂ ಉಲ್ಲಂಘನೆಯೇ. ರಜೆಯ ದಿನ ನೌಕರನನ್ನು ಅಂಗಡಿಗಾಗಲಿ ಬೇರೆ ಸ್ಥಳಕ್ಕಾಗಲಿ ಕೆಲಸಕ್ಕೆ ಕರೆಯುವುದನ್ನು ಕಾನೂನು ನಿಷೇಧಿಸಿದೆ. ಹಾಜರಿ ಪುಸ್ತಕದಲ್ಲಿ ತಿಂಗಳಿಡೀ ಒಂದೇ ಕೈಬರಹದಲ್ಲಿ, ಒಂದೇ ಶಾಯಿಯಲ್ಲಿ, ಪ್ರತಿಯೊಬ್ಬನೂ ಸರಿಯಾಗಿ 9ಕ್ಕೆ ಬಂದು 6ಕ್ಕೆ ಹೋದಂತೆ ಬರೆದಿದ್ದರೆ, ಅದು ತಿಂಗಳ ಕೊನೆಯಲ್ಲಿ ಒಂದೇ ಸಲ ತುಂಬಿದ ಪುಸ್ತಕವೆಂಬುದು ನೋಡಿದವರಿಗೆ ಕೂಡಲೇ ಹೊಳೆಯುತ್ತದೆ. ರಾತ್ರಿ 8ರ ಬಿಲ್ಲಿನ ಮೇಲೆ 6ಕ್ಕೆ ಹೋದವನ ಸಹಿ ಇದ್ದರಂತೂ ಬೇರೆ ಸಾಕ್ಷಿಯೇ ಬೇಕಾಗದು.

ವಾರದ ರಜೆಯ ಹೊರತಾಗಿ, 1963ರ ಮತ್ತೊಂದು ಅಧಿನಿಯಮದ ಪ್ರಕಾರ ಜನವರಿ 26, ಮೇ 1, ಆಗಸ್ಟ್ 15, ಅಕ್ಟೋಬರ್ 2 ಮತ್ತು ನವೆಂಬರ್ 1 ಈ ಐದು ದಿನಗಳೂ, ಇನ್ನೂ ಐದು ಹಬ್ಬಗಳೂ ಸಂಬಳಸಹಿತ ರಜೆಗಳು. ಅಂದು ದುಡಿಸಿದರೆ ಎರಡರಷ್ಟು ಕೂಲಿಯನ್ನೋ, ಕೂಲಿಯ ಜೊತೆಗೆ ಬದಲಿ ರಜೆಯನ್ನೋ ಕೊಡತಕ್ಕದ್ದು. ಇದಲ್ಲದೆ ಕಾಯಿಲೆ, ಅಪಘಾತ ಅಥವಾ ತಕ್ಕ ಬೇರೆ ಕಾರಣಕ್ಕಾಗಿ ವರ್ಷಕ್ಕೆ 12 ದಿನಗಳವರೆಗೆ ಸಂಬಳದ ರಜೆಯುಂಟು. ದುಡಿದು ಗಳಿಸುವ ವಾರ್ಷಿಕ ರಜೆ, ವಯಸ್ಕರಿಗೆ, ಹಿಂದಿನ ವರ್ಷದ ಪ್ರತಿ 20 ದಿನಗಳ ದುಡಿಮೆಗೆ ಒಂದು ದಿನ. ನಮ್ಮ ಜವಳಿ ಅಂಗಡಿಯಲ್ಲಿ ಕಳೆದ ವರ್ಷ 280 ದಿನ ದುಡಿದವನಿಗೆ ಈ ವರ್ಷ 14 ದಿನಗಳು ದೊರೆಯಬೇಕು. ವಾರದ ರಜೆಯನ್ನೂ ಹಬ್ಬದ ರಜೆಯನ್ನೂ ಈ ಲೆಕ್ಕದಲ್ಲಿ ಸೇರಿಸಿ ‘ಇಷ್ಟು ರಜೆ ಆಗಲೇ ಆಯಿತು’ ಎಂದು ಹೇಳುವುದು ನ್ಯಾಯವಲ್ಲ. ಒಂದೊಂದು ರಜೆಯೂ ಬೇರೆಬೇರೆ ಹಕ್ಕು.

ಅಂಗಡಿಯನ್ನು ನಡೆಸುವ ಓದುಗರು ಒಂದು ಹಾಳೆಯನ್ನು ತೆಗೆದುಕೊಂಡು, ಪ್ರತಿಯೊಬ್ಬ ನೌಕರನ ಹೆಸರಿನ ಮುಂದೆ ಬರುವ ಹೊತ್ತು, ಬಿಡುವು, ಹೋಗುವ ಹೊತ್ತುಗಳನ್ನು ಬರೆದು, ದಿನದ ಮೊತ್ತವನ್ನಷ್ಟೇ ಅಲ್ಲದೆ ವಾರದ ಮೊತ್ತವನ್ನೂ ಮೂರು ತಿಂಗಳ ಹೆಚ್ಚುವರಿ ಗಂಟೆಗಳನ್ನೂ ಕೂಡಿಸಿ ನೋಡಲಿ. ಅಲ್ಲಿ ದುಡಿಯುವ ಓದುಗರು ತಮ್ಮ ನೇಮಕಾತಿ ಆದೇಶವನ್ನು ಕೇಳಿ ಪಡೆದು, ತಮ್ಮ ಗಂಟೆಗಳ ಲೆಕ್ಕವನ್ನು ತಾವೂ ಬರೆದಿಡಲಿ. ಎರಡು ಲೆಕ್ಕಗಳೂ ಒಂದಕ್ಕೊಂದು ತಾಳೆಯಾದ ಅಂಗಡಿಯಲ್ಲಿ ಮಾಲೀಕನು ನಿರೀಕ್ಷಕರಿಗೆ ಅಂಜಬೇಕಾಗಿಲ್ಲ, ನೌಕರನು ಮಾಲೀಕನಿಗೆ ಅಂಜಬೇಕಾಗಿಲ್ಲ.