ಪೆಟ್ಟಿಗೆ ಹೋದರೂ ಉಳಿಯುವ ಕಂಪ್ಯೂಟರ್

ಹಳೆಯ ಮುದ್ರಣಾಲಯಗಳಲ್ಲಿ ಇಂದಿಗೂ ವಿಂಡೋಸ್ ಎಕ್ಸ್‌ಪಿ ಓಡಿಸುವ ಒಂದಾದರೂ ಕಂಪ್ಯೂಟರ್ ಮೂಲೆಯಲ್ಲಿ ಕಾಣುತ್ತದೆ. ಲಗ್ನಪತ್ರಿಕೆ, ಸಂಘದ ವಾರ್ಷಿಕ ವರದಿ, ಸ್ಮರಣ ಸಂಚಿಕೆ ಎಲ್ಲವೂ ಅದರ ಪೇಜ್‌ಮೇಕರ್ ಕಡತಗಳಲ್ಲಿವೆ. ಪೇಜ್‌ಮೇಕರ್‌ಗೆ ಯೂನಿಕೋಡ್ ಗೊತ್ತಿಲ್ಲ. ಹಾಗಾಗಿ ಆ ಕಡತಗಳ ಕನ್ನಡವೆಲ್ಲ ಹಳೆಯ ಫಾಂಟ್‌ಗಳನ್ನೇ ನಂಬಿಕೊಂಡಿದೆ. ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಅಕ್ಷರಗಳ ಜಾಗದಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಚಿಹ್ನೆಗಳ ಸಾಲು ಬರುತ್ತದೆ. ಎಕ್ಸ್‌ಪಿಗೆ ಮೈಕ್ರೋಸಾಫ್ಟ್ ಬೆಂಬಲ 2014ರ ಏಪ್ರಿಲ್ 8ಕ್ಕೇ ನಿಂತಿದೆ. ಯಂತ್ರದ ಫ್ಯಾನ್, ಮದರ್‌ಬೋರ್ಡ್, ಡಿಸ್ಕ್ ಕೂಡ ಹೆಚ್ಚು ದಿನ ಬಾಳುವಂಥವಲ್ಲ.

ಇಂಥ ಯಂತ್ರವನ್ನು ಗುಜರಿಗೆ ಹಾಕುವ ಮೊದಲು, ಅದರೊಳಗಿನ ವ್ಯವಸ್ಥೆಯನ್ನು ಇದ್ದ ಹಾಗೇ ಎತ್ತಿ ಹೊಸ ಕಂಪ್ಯೂಟರಿನ ಒಂದು ಕಿಟಕಿಯೊಳಗೆ ಓಡಿಸಬಹುದು. ಹೀಗೆ ಕಬ್ಬಿಣದ ಪೆಟ್ಟಿಗೆಯಿಲ್ಲದೆ, ತಂತ್ರಾಂಶವೇ ಕಟ್ಟಿಕೊಡುವ ಕಂಪ್ಯೂಟರಿಗೆ ವರ್ಚುವಲ್ ಮಷೀನ್ ಎನ್ನುತ್ತಾರೆ. ಕಡತಗಳನ್ನಷ್ಟೇ ಪೆನ್‌ಡ್ರೈವ್‌ಗೆ ಹಾಕಿಕೊಂಡರೆ ಇಲ್ಲಿ ಸಾಲದು. ಫಾಂಟು, ಕೀಲಿಮಣೆ ತಂತ್ರಾಂಶ, ವರ್ಷಗಳಿಂದ ಹೊಂದಿಸಿಟ್ಟ ಸೆಟ್ಟಿಂಗ್ ಎಲ್ಲವೂ ಒಟ್ಟಿಗೇ ಬರಬೇಕು. ಅವುಗಳ ಸಿ.ಡಿ. ಬಹುಪಾಲು ಕಡೆ ಕಳೆದೇ ಹೋಗಿರುತ್ತದೆ.

80 ಜಿಬಿ ಡಿಸ್ಕಿನ ಒಂದು ಎಕ್ಸ್‌ಪಿ ಯಂತ್ರವನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ. ಅದನ್ನು ಶಟ್‌ಡೌನ್ ಮಾಡಿ, ಡಿಸ್ಕ್ ಕಳಚಿ, ಯುಎಸ್‌ಬಿ ಅಡಾಪ್ಟರ್ ಮೂಲಕ ಲಿನಕ್ಸ್ ಇರುವ ಇನ್ನೊಂದು ಕಂಪ್ಯೂಟರಿಗೆ ಜೋಡಿಸಬೇಕು. ಮುಂದಿನ ಕೆಲಸಕ್ಕೆ ಎರಡೇ ಆಜ್ಞೆ:

```
sudo ddrescue -d /dev/sdb xp.img xp.map
VBoxManage convertfromraw xp.img xp.vdi --format VDI
```

ಮೊದಲನೆಯದು ಡಿಸ್ಕನ್ನು ಮೊದಲ ಬಿಟ್‌ನಿಂದ ಕೊನೆಯವರೆಗೆ ನಕಲು ಮಾಡುತ್ತದೆ. ಎರಡನೆಯದು ಆ ನಕಲನ್ನು ವರ್ಚುವಲ್‌ಬಾಕ್ಸ್ ಎಂಬ ಉಚಿತ ತಂತ್ರಾಂಶ ಓದಬಲ್ಲ ರೂಪಕ್ಕೆ ತರುತ್ತದೆ. ಇಲ್ಲಿನ `sdb` ಎಂಬ ಹೆಸರು ಕಂಪ್ಯೂಟರಿನಿಂದ ಕಂಪ್ಯೂಟರಿಗೆ ಬದಲಾಗುತ್ತದೆ. `lsblk` ಕೊಟ್ಟು, ಗಾತ್ರ ನೋಡಿ, ಹಳೆಯ ಡಿಸ್ಕ್ ಅದೇ ಎಂದು ಖಚಿತಪಡಿಸಿಕೊಳ್ಳಲೇಬೇಕು. ಯುಎಸ್‌ಬಿ 2.0ದಲ್ಲಿ ಸೆಕೆಂಡಿಗೆ 30 ಎಂಬಿ ಸಾಗಿದರೆ ನಕಲು ಮುಕ್ಕಾಲು ಗಂಟೆಯಲ್ಲಿ ಮುಗಿಯುತ್ತದೆ. ಡಿಸ್ಕ್ ಅಲ್ಲಲ್ಲಿ ಕೆಟ್ಟಿದ್ದರೆ `ddrescue` ಮೊದಲು ಚೆನ್ನಾಗಿರುವ ಭಾಗಗಳನ್ನು ಎತ್ತಿಕೊಂಡು, ಆಮೇಲೆ ಕೆಟ್ಟ ಜಾಗಗಳಿಗೆ ಮರಳುತ್ತದೆ. ಕೆಲಸ ಎಲ್ಲಿಗೆ ಬಂತೆಂಬುದನ್ನು `xp.map` ಕಡತದಲ್ಲಿ ಬರೆದಿಡುವುದರಿಂದ ನಡುವೆ ಕರೆಂಟ್ ಹೋದರೂ ಅಲ್ಲಿಂದಲೇ ಮುಂದುವರಿಸಬಹುದು.

ನಿಜವಾದ ತೊಡಕು ಎದುರಾಗುವುದು ವರ್ಚುವಲ್ ಮಷೀನನ್ನು ಮೊದಲ ಸಲ ಚಾಲೂ ಮಾಡಿದಾಗ. ವಿಂಡೋಸ್ ಲಾಂಛನ ಒಂದು ಕ್ಷಣ ಮಿಂಚಿ, ನೀಲಿ ಪರದೆಯ ಮೇಲೆ `0x0000007B` ಎಂಬ ಸಂಖ್ಯೆ ಬರಬಹುದು. ಡಿಸ್ಕ್ ಕೆಟ್ಟಿದೆ, ನಕಲು ಹಾಳಾಗಿದೆ ಎಂದು ಹಲವರು ಇಲ್ಲಿಗೇ ಕೈಚೆಲ್ಲುತ್ತಾರೆ. ಬಹುತೇಕ ಅದು ಹಾಗಲ್ಲ. ಎಕ್ಸ್‌ಪಿ ತನ್ನ ಹಳೆಯ ಮದರ್‌ಬೋರ್ಡಿನ ಡಿಸ್ಕ್ ಕಂಟ್ರೋಲರ್‌ಗೆ ಬೇಕಾದ ಡ್ರೈವರನ್ನಷ್ಟೇ ಸಿದ್ಧವಾಗಿಟ್ಟುಕೊಂಡಿರುತ್ತದೆ. ಹೊಸ ಮನೆಯ ಕಂಟ್ರೋಲರ್ ಬೇರೆಯಾದರೆ ತಾನು ಕೂತಿರುವ ಡಿಸ್ಕೇ ಅದಕ್ಕೆ ಕಾಣುವುದಿಲ್ಲ. ಇದಕ್ಕೆ ಮದ್ದೆಂದರೆ, ನಕಲಿಗೆ ಮುಂಚೆಯೇ ಹಳೆಯ ಯಂತ್ರದಲ್ಲಿ `MergeIDE` ಎಂಬ ಚಿಕ್ಕ ಸಾಧನ ಓಡಿಸುವುದು. ಸಾಮಾನ್ಯ ಐಡಿಇ ಡ್ರೈವರುಗಳನ್ನೆಲ್ಲ ಅದು ರಿಜಿಸ್ಟ್ರಿಯಲ್ಲಿ ಸೇರಿಸಿಡುತ್ತದೆ. ವರ್ಚುವಲ್‌ಬಾಕ್ಸಿನಲ್ಲಿ ಡಿಸ್ಕನ್ನು ಸಾಟಾ ಬದಲು ಐಡಿಇಗೆ ಜೋಡಿಸಬೇಕು. ನೀಲಿ ಪರದೆ ಬಾರದೆ ಬರೀ ಕಪ್ಪು ಪರದೆಯಲ್ಲೇ ನಿಂತುಬಿಟ್ಟರೆ ಸೆಟ್ಟಿಂಗಿನ `I/O APIC` ಆಯ್ಕೆಯನ್ನು ಆನ್ ಮಾಡಿ ನೋಡಬೇಕು.

ಯಂತ್ರಾಂಶ ಬದಲಾಗಿದ್ದನ್ನು ಕಂಡ ವಿಂಡೋಸ್ ಮತ್ತೊಮ್ಮೆ ಆಕ್ಟಿವೇಶನ್ ಕೇಳಬಹುದು. ಅಂಗಡಿಯಿಂದ ಕಂಪ್ಯೂಟರಿನ ಜೊತೆಗೇ ಬಂದ ಒಇಎಂ ಪರವಾನಗಿ ಆ ಯಂತ್ರಕ್ಕೇ ಕಟ್ಟುಬಿದ್ದಿರುವುದರಿಂದ ಅದರ ಷರತ್ತುಗಳನ್ನು ಮೊದಲೇ ಓದಿಕೊಳ್ಳಬೇಕು.

ಕೆಲವು ಕನ್ನಡ ಡಿಟಿಪಿ ತಂತ್ರಾಂಶಗಳು ಡಾಂಗಲ್ ಎಂಬ ಬೀಗದ ತುಂಡು ಚುಚ್ಚದೆ ತೆರೆಯುವುದೇ ಇಲ್ಲ. ಅದು ಯುಎಸ್‌ಬಿಯದಾದರೆ ವರ್ಚುವಲ್ ಮಷೀನಿಗೆ ದಾಟಿಸಬಹುದು. ಹಿಂದಿನ ಕಾಲದ ಪ್ಯಾರಲಲ್ ಪೋರ್ಟಿನದಾದರೆ ಕಷ್ಟ. ಯುಎಸ್‌ಬಿ-ಪ್ಯಾರಲಲ್ ಕೇಬಲ್‌ಗಳು ಪ್ರಿಂಟರಿಗೆಂದೇ ಮಾಡಿದವು, ಡಾಂಗಲ್ಲಿಗೆ ಸಾಮಾನ್ಯವಾಗಿ ಆಗಿಬರುವುದಿಲ್ಲ. ಹಾಗಾಗಿ ಡಿಸ್ಕ್ ಕಳಚುವ ಮೊದಲೇ ಯಂತ್ರದ ಹಿಂಬದಿ ನೋಡಿ, ಡಾಂಗಲ್ ಯಾವುದೆಂದು ತಿಳಿದುಕೊಳ್ಳುವುದು ಒಳ್ಳೆಯದು.

ಡೆಸ್ಕ್‌ಟಾಪ್ ಕಂಡ ಮಾತ್ರಕ್ಕೆ ಪರೀಕ್ಷೆ ಮುಗಿಯಲಿಲ್ಲ. ಹಿಂದೆ ಅಚ್ಚಾದ ಒಂದು ಪುಸ್ತಕದ ಕಡತ ತೆರೆದು, ಪುಟಗಳನ್ನು ಅಚ್ಚಿನ ಪ್ರತಿಯ ಪಕ್ಕದಲ್ಲಿಟ್ಟು ನೋಡಬೇಕು. ಸಾಲು ಒಡೆದ ಜಾಗ, ಒತ್ತಕ್ಷರ, ಪುಟಸಂಖ್ಯೆ ಮೂರೂ ತಾಳೆಯಾದರೆ ಫಾಂಟು ಸರಿಯಾಗಿ ಬಂದಿದೆ. ಭದ್ರತಾ ತೇಪೆ ಸಿಗದ ಎಕ್ಸ್‌ಪಿಗೆ ಇಂಟರ್‌ನೆಟ್ ಕೊಡದೆ ನೆಟ್‌ವರ್ಕ್ ಅಡಾಪ್ಟರನ್ನು ಆಫ್ ಮಾಡಿಟ್ಟು, ಕಡತಗಳನ್ನು ಶೇರ್ಡ್ ಫೋಲ್ಡರ್ ಮೂಲಕವೇ ಆಚೀಚೆ ಸಾಗಿಸಬೇಕು. ಹಳೆಯ ಡಿಸ್ಕನ್ನು ಅಳಿಸದೆ ಕೆಲವು ತಿಂಗಳು ಬೀರುವಿನಲ್ಲಿಟ್ಟು, ಆ ಅವಧಿಯಲ್ಲಿ ಕಚೇರಿಯ ಎಲ್ಲ ಬಗೆಯ ಕೆಲಸಗಳೂ ಹೊಸ ಕಿಟಕಿಯಲ್ಲಿ ಒಮ್ಮೆಯಾದರೂ ನಡೆದ ಮೇಲೆ, ದತ್ತಾಂಶ ಪೂರ್ತಿ ಅಳಿಸಿ ಇ-ತ್ಯಾಜ್ಯಕ್ಕೆ ಕೊಡಬಹುದು. ಅಷ್ಟರಲ್ಲಿ `xp.vdi` ಕಡತದ ಇನ್ನೊಂದು ಪ್ರತಿ ಬೇರೊಂದು ಡಿಸ್ಕಿನಲ್ಲಿ ಇರಬೇಕು.