ಗೋವಿನಜೋಳದ ಲೆಕ್ಕ: ಎಕರೆಗೆ ನಿಜವಾಗಿ ಉಳಿದದ್ದೆಷ್ಟು?

ಹಾವೇರಿ ಸೀಮೆಯಲ್ಲಿ ಮುಂಗಾರಿನ ಗೋವಿನಜೋಳ ಮಾರಿ ಬಂದ ರೈತರ ಕೈಯಲ್ಲಿ ಎರಡು ದಾಖಲೆಗಳಿರುತ್ತವೆ. ಒಂದು, ಬಿತ್ತನೆಯಿಂದ ಖರ್ಚು ಬರೆದುಕೊಂಡು ಬಂದ ನೋಟ್‌ಬುಕ್ಕು. ಇನ್ನೊಂದು, ದಲಾಲಿ ಅಂಗಡಿಯವರು ಕೊಟ್ಟ ಪಟ್ಟಿ. ಪಟ್ಟಿಯ ಕೊನೆಯ ಮೊತ್ತದಲ್ಲಿ ನೋಟ್‌ಬುಕ್ಕಿನ ಖರ್ಚು ಕಳೆದು, ಉಳಿದದ್ದನ್ನು ಎಕರೆಗೆ ಹಂಚಿದರೆ ಲಾಭ ಸಿಕ್ಕಿತು ಎಂದುಕೊಳ್ಳುತ್ತೇವೆ. ಆದರೆ ನಡುವೆ ಸಾಲ ಸೇರಿಕೊಂಡಿದ್ದರೆ ಆ ಉತ್ತರ ಬಹುದೂರ ತಪ್ಪುತ್ತದೆ.

ದುಂಡು ಅಂಕಿಗಳ ಒಂದು ಉದಾಹರಣೆ ಹಿಡಿದು ನೋಡೋಣ. ಪಹಣಿಯಲ್ಲಿ 4 ಎಕರೆ ಇರುವ ಹೊಲ. ರಂಟೆ, ಕುಂಟೆ, ಬಿತ್ತನೆಗೆ ಟ್ರ್ಯಾಕ್ಟರ್ ಬಾಡಿಗೆ 10,500 ರೂಪಾಯಿ. ಬೀಜ 10,500. ಡಿಎಪಿ, ಯೂರಿಯಾ 12,100. ಕಳೆನಾಶಕ ಮತ್ತು ಸೈನಿಕ ಹುಳುವಿನ ಔಷಧಿ 4,900. ಆಳುಗಳ ಕೂಲಿ 21,000. ಒಕ್ಕುವ ಮಶೀನು, ಚೀಲ, ಮಾರುಕಟ್ಟೆಗೆ ಸಾಗಾಟ 14,000. ಒಟ್ಟು 73,000. ಇಳುವರಿ 70 ಕ್ವಿಂಟಲ್, ಸಿಕ್ಕ ದರ 2,100 ರೂಪಾಯಿ.

ಪಟ್ಟಿಯ ತಲೆಯಲ್ಲಿ 1,47,000 ಎಂದಿದೆ. ಕೆಳಗೆ ಹಮಾಲಿ, ತೂಕ, ದಲಾಲಿ ಸೇರಿ 5,000 ಮುರಿದಿದ್ದಾರೆ. ಅದರ ಕೆಳಗೆ ಇನ್ನೊಂದು ಮುರಿತ 33,600. ಬೆಳೆಯ ಖರ್ಚಿಗೆಂದು ಅದೇ ಅಂಗಡಿಯಲ್ಲಿ 30,000 ಕೈಸಾಲ ತಂದಿದ್ದರು. ನೂರಕ್ಕೆ ತಿಂಗಳಿಗೆ ಎರಡು ರೂಪಾಯಿಯಂತೆ ಆರು ತಿಂಗಳ ಬಡ್ಡಿ 3,600. ಕೈಗೆ ಬಂದದ್ದು 1,08,400. ಇದರಲ್ಲಿ 73,000 ಕಳೆದರೆ 35,400. ನಾಲ್ಕು ಎಕರೆಗೆ ಹಂಚಿದರೆ ಎಕರೆಗೆ 8,850.

ಇಲ್ಲಿ ಒಂದೇ ಖರ್ಚು ಎರಡು ಸಲ ಕಳೆದುಹೋಗಿದೆ. ಸಾಲದ 30,000 ಹೋದದ್ದು ಬೆಳೆಯ ಖರ್ಚಿಗೇ; ಅದು 73,000ದೊಳಗೆ ಆಗಲೇ ಇದೆ. ಅಂಗಡಿಯವರು ಮುರಿದುಕೊಂಡಾಗ ಮತ್ತೊಮ್ಮೆ ಹೋಯಿತು. ಸಾಲದ ಅಸಲು ಬಂದಾಗ ಆದಾಯವಲ್ಲ, ತೀರಿಸಿದಾಗ ಬೆಳೆಯ ಖರ್ಚೂ ಅಲ್ಲ. ಖರ್ಚಿಗೆ ಸೇರುವುದು ಬಡ್ಡಿ ಮಾತ್ರ. ಸೊಸೈಟಿಯ ಬಡ್ಡಿಯಿಲ್ಲದ ಬೆಳೆಸಾಲವನ್ನು ವಾಯಿದೆಯೊಳಗೆ ಕಟ್ಟಿದರೆ ಈ ಲೆಕ್ಕದಲ್ಲಿ ಅದರ ಹೆಸರೇ ಬರುವುದಿಲ್ಲ. ಇದರ ತದ್ವಿರುದ್ಧ ತಪ್ಪೂ ಆಗುತ್ತದೆ: ಸಾಲದ ಹಣವನ್ನೋ ಪಿಎಂ ಕಿಸಾನ್ ಕಂತನ್ನೋ ಜಮೆಯ ಕಡೆ ಬರೆದುಕೊಂಡು, ಸೋತ ಬೆಳೆ ಗೆದ್ದಂತೆ ಕಾಣುತ್ತದೆ. ಆದ್ದರಿಂದ ಸಾಲದ ಕೊಡುಕೊಳ್ಳುವಿಕೆಗೆ ನೋಟ್‌ಬುಕ್ಕಿನಲ್ಲಿ ಬೇರೆಯೇ ಪುಟ ಇರಬೇಕು.

ಈಗ ಸರಿಪಡಿಸೋಣ. ಪಟ್ಟಿಯ ತಲೆಯ 1,47,000ಕ್ಕೆ, ಮನೆಯ ಎತ್ತುಗಳಿಗೆ ಹಾಕಿದ ಮೇವನ್ನು ಊರಿನ ದರದಲ್ಲಿ 4,600 ಎಂದು ಕೂಡಿಸಿದರೆ 1,51,600. ಖರ್ಚು 73,000, ಮಾರುಕಟ್ಟೆಯ ಮುರಿತ 5,000, ಬಡ್ಡಿ 3,600 ಸೇರಿ 81,600. ಉಳಿದದ್ದು 70,000.

ಭಾಗಿಸುವಾಗಲೂ ಎಚ್ಚರ ಬೇಕು. ಬದು, ಕಣ, ಖರಾಬು ಬಿಟ್ಟು ಬಿತ್ತಿದ್ದು 3 ಎಕರೆ 20 ಗುಂಟೆ. 40 ಗುಂಟೆಗೆ ಒಂದು ಎಕರೆಯಾದ್ದರಿಂದ ಇದು ಮೂರೂವರೆ ಎಕರೆ. 3-20 ಎಂದು ಬರೆದುಕೊಂಡದ್ದನ್ನು ಕ್ಯಾಲ್ಕುಲೇಟರಿನಲ್ಲಿ 3.20 ಎಂದು ಒತ್ತಿದರೆ ಲಾಭ ಸುಮ್ಮನೆ ಹೆಚ್ಚು ಕಾಣುತ್ತದೆ. 3.5ರಿಂದ ಭಾಗಿಸಿದರೆ ಎಕರೆಗೆ 20,000. ಮೊದಲು ಬಂದ 8,850ರ ಎರಡು ಪಟ್ಟಿಗೂ ಹೆಚ್ಚು.

ಹಾಗೆಂದು ಈ 20,000 ಪೂರ್ತಿ ಲಾಭವಲ್ಲ. ಗಂಡ ಹೆಂಡತಿ ಇಬ್ಬರೂ ಸೇರಿ ಆ ಹೊಲದಲ್ಲಿ 70 ಆಳಿನ ಕೆಲಸ ಮಾಡಿದ್ದಾರೆ. ಆಳಿಗೆ 400ರಂತೆ ಹಿಡಿದರೆ 28,000. ಯಾರಿಗೂ ಕೊಡದ ಹಣವಾದ್ದರಿಂದ ನೋಟ್‌ಬುಕ್ಕಿನಲ್ಲಿ ಇದು ಕಾಣುವುದಿಲ್ಲ. ಅದರಲ್ಲೂ ಹೆಂಗಸರ ದುಡಿಮೆ ಯಾವ ಪುಟದಲ್ಲೂ ಇರುವುದಿಲ್ಲ. ಇದನ್ನು ಕಳೆದರೆ ಎಕರೆಗೆ 12,000 ಉಳಿಯುತ್ತದೆ. ಅದೇ ಹೊಲವನ್ನು ಎಕರೆಗೆ 8,000ದಂತೆ ಲಾವಣಿಗೆ ಕೊಡಬಹುದಿತ್ತು ಎಂದಾದರೆ ಅದನ್ನೂ ಕಳೆಯಬೇಕು. ಆಗ ಉಳಿಯುವುದು ಎಕರೆಗೆ 4,000.

ಕೃಷಿ ವೆಚ್ಚ ಮತ್ತು ಬೆಲೆ ಆಯೋಗವೂ ಖರ್ಚನ್ನು ಹೀಗೆಯೇ ಮೆಟ್ಟಿಲು ಮೆಟ್ಟಿಲಾಗಿ ಎಣಿಸುತ್ತದೆ. ಕೈಯಿಂದ ಹೋದದ್ದು ಎ2. ಮನೆಯವರ ದುಡಿಮೆ ಸೇರಿದರೆ ಎ2 ಪ್ಲಸ್ ಎಫ್‌ಎಲ್. ಸ್ವಂತ ಭೂಮಿಯ ಬಾಡಿಗೆ, ಸ್ವಂತ ಬಂಡವಾಳದ ಬಡ್ಡಿಯೂ ಸೇರಿದರೆ ಸಿ2. ಕೇಂದ್ರ ಸರ್ಕಾರ ಬೆಂಬಲ ಬೆಲೆಯನ್ನು ಖರ್ಚಿನ ಒಂದೂವರೆ ಪಟ್ಟು ಎನ್ನುವಾಗ ಲೆಕ್ಕ ಹಿಡಿಯುವುದು ನಡುವಿನ ಮೆಟ್ಟಿಲನ್ನು. ರೈತ ಸಂಘಟನೆಗಳು ಕೇಳುತ್ತಿರುವುದು ಸಿ2 ಮೇಲಿನ ಒಂದೂವರೆ ಪಟ್ಟು. ಲಾವಣಿಗೆ ಹೊಲ ಮಾಡುವವರಿಗೆ ಆ ಬಾಡಿಗೆ ಊಹೆಯ ಅಂಕಿಯಲ್ಲ, ಕೈಯಿಂದಲೇ ಹೋಗುವ ದುಡ್ಡು.

ಇದೇ ಲೆಕ್ಕವನ್ನು ಕ್ವಿಂಟಲ್‌ಗೆ ತಿರುಗಿಸಬಹುದು. ಮೇವಿನ ಬೆಲೆ ಬಿಟ್ಟುಕೊಂಡು, ಮನೆಯ ದುಡಿಮೆ ಸೇರಿಸಿದ ಖರ್ಚು 1,05,000. 70 ಕ್ವಿಂಟಲ್‌ಗೆ ಹಂಚಿದರೆ 1,500. ಭೂಮಿಯ ಬಾಡಿಗೆಯೂ ಸೇರಿದರೆ 1,900. ಇಷ್ಟೇ ಇಳುವರಿ ಬಂದ ವರ್ಷ ದರ 1,900ಕ್ಕಿಂತ ಕೆಳಗಿಳಿದರೆ ಹೊಲವನ್ನು ಲಾವಣಿಗೆ ಕೊಟ್ಟಿದ್ದರೇ ಹೆಚ್ಚು ಉಳಿಯುತ್ತಿತ್ತು. 1,500ಕ್ಕಿಂತ ಇಳಿದರೆ ಗಂಡ ಹೆಂಡತಿಯ ಕೂಲಿಯೂ ಪೂರ್ತಿ ಹುಟ್ಟುವುದಿಲ್ಲ.